ಬಿಸಿಲಲ್ಲಿ ಮ್ಯಾಪ್ ತಡವರಿಸುವುದೇಕೆ, ಹತ್ತು ನಿಮಿಷಕ್ಕೆ ಗೇಮ್ ಎಳೆಯುವುದೇಕೆ: ಫೋನಿನ ಬಿಸಿಯ ಲೆಕ್ಕ

ಏಪ್ರಿಲ್ ತಿಂಗಳ ಮಧ್ಯಾಹ್ನ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿಕೊಂಡು ಡೆಲಿವರಿಗೆ ಹೋಗುವವರಿಗೆ ಈ ತೊಂದರೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಸ್ಕ್ರೀನ್ ತಾನಾಗಿಯೇ ಮಂಕಾಗುತ್ತದೆ. ಮ್ಯಾಪಿನ ಬಾಣ ಹಿಂದೆ ಉಳಿಯುತ್ತದೆ. ಎಡಕ್ಕೆ ತಿರುಗಬೇಕಿದ್ದ ರಸ್ತೆ ದಾಟಿ ಹೋದ ಮೇಲೆ "ಎಡಕ್ಕೆ ತಿರುಗಿ" ಅನ್ನುತ್ತದೆ. ಅದೇ ಫೋನಿನಲ್ಲಿ ರಾತ್ರಿ ಗೇಮ್ ಆಡಲು ಕೂತರೆ ಮೊದಲ ಹತ್ತು ನಿಮಿಷ ಬೆಣ್ಣೆ ಥರ ಓಡುತ್ತದೆ, ಆಮೇಲೆ ಎಳೆಯಲು ಶುರು.

ಆಗ ನಾವೆಲ್ಲ ಪ್ರೊಸೆಸರ್‌ಗೆ ಬೈಯುತ್ತೇವೆ. ಆದರೆ ಬಹಳ ಸಲ ಪ್ರೊಸೆಸರ್‌ನಲ್ಲಿ ದೋಷವೇ ಇರುವುದಿಲ್ಲ. ಒಳಗೆ ಹುಟ್ಟಿದ ಬಿಸಿಗೆ ಹೊರಗೆ ಹೋಗಲು ದಾರಿ ಸಾಲದೆ, ಫೋನು ತನ್ನ ವೇಗವನ್ನು ಬೇಕಂತಲೇ ಇಳಿಸಿಕೊಂಡಿರುತ್ತದೆ. ಇದಕ್ಕೆ ಥರ್ಮಲ್ ಥ್ರಾಟ್ಲಿಂಗ್ ಅನ್ನುತ್ತಾರೆ. ಈ ದಾರಿ ಎಷ್ಟು ಅಗಲ ಇದೆ ಅನ್ನುವುದನ್ನು ಸುಲಭದ ಲೆಕ್ಕದಲ್ಲೇ ಕಂಡುಹಿಡಿಯಬಹುದು. ಲೆಕ್ಕ ಮಾಡಿ ನೋಡಿದರೆ ನಮ್ಮ ಬೇಸಿಗೆಯಲ್ಲಿ ಫೋನು ಯಾಕೆ ಅಷ್ಟು ಬೇಗ ಸುಸ್ತಾಗುತ್ತದೆ ಅನ್ನುವುದು ತಾನಾಗಿಯೇ ಅರ್ಥವಾಗುತ್ತದೆ.

ಒಂದು ಡಿಗ್ರಿಗೆ ಕಾಲು ವ್ಯಾಟ್

ಮನೆಯ ಮೇಲಿನ ಟ್ಯಾಂಕಿಗೆ ಮೋಟಾರ್ ನೀರು ತುಂಬುತ್ತಿದೆ, ಕೆಳಗೆ ಒಂದು ನಲ್ಲಿ ತೆರೆದಿದೆ ಅಂದುಕೊಳ್ಳಿ. ಮೋಟಾರ್ ಜೋರಾಗಿದ್ದು ನಲ್ಲಿ ಚಿಕ್ಕದಾಗಿದ್ದರೆ ನೀರಿನ ಮಟ್ಟ ಏರುತ್ತಲೇ ಹೋಗುತ್ತದೆ. ಟ್ಯಾಂಕ್ ತುಂಬುವವರೆಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ತುಂಬಿದ ಮೇಲೆ ಮೋಟಾರಿನ ವೇಗವನ್ನು ನಲ್ಲಿಯ ಮಟ್ಟಕ್ಕೆ ಇಳಿಸಲೇಬೇಕು. ಫೋನಿನ ಬಿಸಿಯೂ ಹೀಗೆಯೇ. ಇಲ್ಲಿ ಮೋಟಾರ್ ಅಂದರೆ ಪ್ರೊಸೆಸರ್, ಸ್ಕ್ರೀನ್, ನೆಟ್‌ವರ್ಕಿನ ರೇಡಿಯೋ, ಚಾರ್ಜಿಂಗ್ ಎಲ್ಲ ಸೇರಿ ಹುಟ್ಟಿಸುವ ಬಿಸಿ. ನಲ್ಲಿ ಅಂದರೆ ಫೋನಿನ ಮೈಯಿಂದ ಗಾಳಿಗೆ ಹೋಗುವ ಬಿಸಿ. ಮಾಮೂಲಿ ಫೋನಿನಲ್ಲಿ ಫ್ಯಾನ್ ಇಲ್ಲವಲ್ಲ, ಹಾಗಾಗಿ ಇರುವುದು ಈ ಒಂದೇ ನಲ್ಲಿ.

ನಲ್ಲಿ ಎಷ್ಟು ದೊಡ್ಡದು? ಇವತ್ತಿನ ಒಂದು ಫೋನು ಸುಮಾರು 16 ಸೆಂಟಿಮೀಟರ್ ಉದ್ದ, 7.5 ಸೆಂಟಿಮೀಟರ್ ಅಗಲ. ಎರಡೂ ಬದಿ ಸೇರಿದರೆ 240 ಚದರ ಸೆಂಟಿಮೀಟರ್, ಅಂದರೆ 0.024 ಚದರ ಮೀಟರ್. ಗಾಳಿ ಆಡದ ಕಡೆ ಒಂದು ಚದರ ಮೀಟರ್ ಮೈಯಿಂದ, ಮೈಗೂ ಗಾಳಿಗೂ ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ, ಅಂದಾಜು 10 ವ್ಯಾಟ್ ಬಿಸಿ ಹೊರಗೆ ಹೋಗುತ್ತದೆ. ಫೋನಿನ ಮೈಗೆ ಲೆಕ್ಕ ಹಾಕಿದರೆ ಒಂದು ಡಿಗ್ರಿಗೆ ಸುಮಾರು ಕಾಲು ವ್ಯಾಟ್. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಇನ್ನು ಟ್ಯಾಂಕಿನ ಅಂಚು. ಫೋನಿನ ಹೊರಮೈ ಎಷ್ಟು ಬಿಸಿಯಾಗಬಹುದು ಅನ್ನುವುದನ್ನು ನಿರ್ಧರಿಸುವುದು ಚಿಪ್ ಅಲ್ಲ, ನಮ್ಮ ಚರ್ಮ. 1947ರಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಇಬ್ಬರು ಸಂಶೋಧಕರು, ಎಷ್ಟು ಬಿಸಿ ಎಷ್ಟು ಹೊತ್ತು ತಾಗಿದರೆ ಚರ್ಮ ಸುಡುತ್ತದೆ ಎಂದು ಅಳೆದಿದ್ದರು. 44 ಡಿಗ್ರಿ ಬಿಸಿ ಸುಮಾರು ಆರು ಗಂಟೆ ತಾಗಿಕೊಂಡೇ ಇದ್ದರೆ ಚರ್ಮಕ್ಕೆ ಸುಟ್ಟ ಗಾಯ ಆಗುತ್ತದೆ ಅನ್ನುವುದು ಅವರಿಗೆ ಕಂಡದ್ದು. ಬಿಸಿ ಇನ್ನೂ ಏರಿದರೆ ಈ ಸಮಯ ಸರಸರನೆ ಇಳಿಯುತ್ತದೆ. ಹಾಗಾಗಿ ಕೈಯಲ್ಲಿ ಹಿಡಿಯುವ ವಸ್ತುವನ್ನು ಮಾಡುವವರು ಈ ಆಸುಪಾಸಿನಲ್ಲೇ ಎಚ್ಚರ ವಹಿಸುತ್ತಾರೆ. ನಮ್ಮ ಲೆಕ್ಕಕ್ಕೆ 43 ಡಿಗ್ರಿ ಮಿತಿ ಅಂತ ಇಟ್ಟುಕೊಳ್ಳೋಣ.

ಈಗ 25 ಡಿಗ್ರಿ ಇರುವ ರೂಮಿನಲ್ಲಿ ಕೂತು ಗೇಮ್ ಆಡುತ್ತಿದ್ದೀರಿ. ಫೋನಿನ ಮೈ 43 ಮುಟ್ಟಿದಾಗ ವ್ಯತ್ಯಾಸ 18 ಡಿಗ್ರಿ, ಹೊರಗೆ ಹೋಗುವುದು 4.3 ವ್ಯಾಟ್. ರೂಮು 35 ಡಿಗ್ರಿ ಇದ್ದರೆ ವ್ಯತ್ಯಾಸ 8, ಹೊರಗೆ ಹೋಗುವುದು 2 ವ್ಯಾಟಿಗೂ ಸ್ವಲ್ಪ ಕಡಿಮೆ. ಅದೇ ಫೋನು, ಅದೇ ಗೇಮು. ರೂಮು ಬರೀ ಹತ್ತು ಡಿಗ್ರಿ ಬಿಸಿಯಾದದ್ದಕ್ಕೆ ಫೋನು ತುಂಬಾ ಹೊತ್ತು ಖರ್ಚು ಮಾಡಬಹುದಾದ ವಿದ್ಯುತ್ ಅರ್ಧಕ್ಕಿಂತ ಕೆಳಗೆ ಇಳಿಯಿತು.

"ಮೊದಲ ಹತ್ತು ನಿಮಿಷ ಚೆನ್ನಾಗಿತ್ತು" ಅನ್ನುವ ಮಾತೂ ಈ ಲೆಕ್ಕದಲ್ಲೇ ಬರುತ್ತದೆ. 200 ಗ್ರಾಂ ತೂಕದ ಫೋನನ್ನು ಒಂದು ಡಿಗ್ರಿ ಬಿಸಿ ಮಾಡಲು ಅಂದಾಜು 170 ಜೂಲ್ ಬೇಕು. ದೊಡ್ಡ ಗೇಮಿಗೆ ಒಟ್ಟು 7 ವ್ಯಾಟ್ ಖರ್ಚಾಗುತ್ತಿದೆ ಅನ್ನೋಣ. 25ರಿಂದ 43ಕ್ಕೆ ಏರಲು 3,060 ಜೂಲ್ ಬೇಕು. ಏರುವ ಹೊತ್ತಿನಲ್ಲಿ ಸರಾಸರಿ 2 ವ್ಯಾಟ್ ಗಾಳಿಗೆ ಹೋಗುತ್ತಿರುತ್ತದೆ, ಉಳಿಯುವುದು 5 ವ್ಯಾಟ್. ಭಾಗಿಸಿದರೆ 600 ಸೆಕೆಂಡು ಚಿಲ್ಲರೆ, ಹತ್ತು ನಿಮಿಷ! 35 ಡಿಗ್ರಿಯ ರೂಮಿನಲ್ಲಿ ಏರಬೇಕಾದದ್ದು ಬರೀ 8 ಡಿಗ್ರಿ, ಆದ್ದರಿಂದ ನಾಲ್ಕು ನಿಮಿಷದೊಳಗೇ ಅಂಚು ಮುಟ್ಟುತ್ತದೆ. ನಿಜವಾದ ಫೋನಿನಲ್ಲಿ ಮೈಯೆಲ್ಲ ಒಂದೇ ಸಮ ಬಿಸಿಯಾಗುವುದಿಲ್ಲ, ಕ್ಯಾಮೆರಾ ಹತ್ತಿರ ಚಿಪ್ ಇರುವ ಜಾಗ ಮೊದಲು ಕಾಯುತ್ತದೆ, ಹಾಗಾಗಿ ನಿಮ್ಮ ಕೈಯಲ್ಲಿ ಇದಕ್ಕಿಂತ ಬೇಗ ಆದರೂ ಆಗಬಹುದು. ವೇಪರ್ ಚೇಂಬರ್ ಅಂತ ಜಾಹೀರಾತಿನಲ್ಲಿ ಹೇಳುತ್ತಾರಲ್ಲ, ಅದರ ಕೆಲಸ ಈ ಒಂದು ಜಾಗದ ಬಿಸಿಯನ್ನು ಮೈತುಂಬ ಹರಡುವುದು. ಅದು ಒಳ್ಳೆಯದೇ. ಆದರೆ ಫೋನಿನ ಮೈ ಇರುವುದು ಅಷ್ಟೇ, ಒಂದು ಡಿಗ್ರಿಗೆ ಕಾಲು ವ್ಯಾಟ್ ಅನ್ನುವ ಮಿತಿಯನ್ನು ಅದು ದಾಟಿಸಲಾರದು.

ವೇಗ ಇಳಿಸಿದರೆ ಬಿಸಿ ಅಷ್ಟೊಂದು ಇಳಿಯುವುದು ಹೇಗೆ

ಚಿಪ್ಪಿನೊಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳಿವೆ. ಅವು ಪ್ರತಿ ಸಲ ಆನ್ ಆಫ್ ಆದಾಗಲೂ ಚೂರು ವಿದ್ಯುತ್ ಬಿಸಿಯಾಗಿ ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನುವುದಕ್ಕೆ ಒಂದು ಸೂತ್ರ ಇದೆ:

P = C × V² × f

ಇಲ್ಲಿ f ಅಂದರೆ ಚಿಪ್ ಓಡುವ ವೇಗ, ಗಿಗಾಹರ್ಟ್ಸ್ ಅನ್ನುತ್ತೇವಲ್ಲ ಅದು. V ಅಂದರೆ ಚಿಪ್ಪಿಗೆ ಕೊಡುವ ವೋಲ್ಟೇಜ್. C ಆ ಚಿಪ್ಪಿನ ರಚನೆಗೂ ಕೆಲಸಕ್ಕೂ ಸೇರಿದ್ದು, ಸದ್ಯಕ್ಕೆ ಅದನ್ನು ಬಿಡಿ. ಗಮನಿಸಬೇಕಾದದ್ದು V ಮೇಲಿರುವ ವರ್ಗವನ್ನು. ಚಿಪ್ ಜೋರಾಗಿ ಓಡಬೇಕೆಂದರೆ ವೋಲ್ಟೇಜನ್ನೂ ಏರಿಸಬೇಕು, ಇಲ್ಲವಾದರೆ ಟ್ರಾನ್ಸಿಸ್ಟರ್‌ಗಳು ಹೊತ್ತಿಗೆ ಸರಿಯಾಗಿ ಬದಲಾಗುವುದಿಲ್ಲ. ಹೀಗಾಗಿ ವೇಗದ ಕೊನೆಯ ಸ್ವಲ್ಪ ಭಾಗ ಬಲು ದುಬಾರಿ.

ಒಂದು ಉದಾಹರಣೆ ನೋಡೋಣ. 3 ಗಿಗಾಹರ್ಟ್ಸ್ ವೇಗಕ್ಕೆ 1 ವೋಲ್ಟ್ ಬೇಕು, 2 ಗಿಗಾಹರ್ಟ್ಸ್‌ಗೆ 0.75 ವೋಲ್ಟ್ ಸಾಕು ಅಂತಿಟ್ಟುಕೊಳ್ಳಿ. ವೇಗ ಮೂರರಲ್ಲಿ ಎರಡು ಪಾಲಾಯಿತು. ವಿದ್ಯುತ್ ಮಾತ್ರ 0.67ನ್ನು 0.56ರಿಂದ ಗುಣಿಸಿದಷ್ಟು, ಅಂದರೆ ಮೊದಲಿನ ಶೇಕಡಾ 38ಕ್ಕೆ ಇಳಿಯಿತು. ವೇಗದಲ್ಲಿ ಮೂರನೇ ಒಂದು ಪಾಲು ಬಿಟ್ಟುಕೊಟ್ಟರೆ ಬಿಸಿಯಲ್ಲಿ ಐದರಲ್ಲಿ ಮೂರು ಪಾಲು ಉಳಿತಾಯ. ಥ್ರಾಟ್ಲಿಂಗ್ ಕೆಲಸ ಮಾಡುವುದು ಈ ವ್ಯಾಪಾರದ ಮೇಲೆ. ಜೊತೆಗೆ ಇನ್ನೊಂದು ವಿಷಯ ಇದೆ. ಟ್ರಾನ್ಸಿಸ್ಟರ್ ಆಫ್ ಆಗಿದ್ದಾಗಲೂ ಸ್ವಲ್ಪ ವಿದ್ಯುತ್ ಸೋರುತ್ತದೆ, ಬಿಸಿ ಏರಿದಂತೆ ಆ ಸೋರಿಕೆಯೂ ಏರುತ್ತದೆ, ಸೋರಿಕೆಯಿಂದ ಮತ್ತೆ ಬಿಸಿ. ತಡೆಯುವವರು ಇಲ್ಲದಿದ್ದರೆ ಇದು ತನ್ನನ್ನು ತಾನೇ ಬೆಳೆಸಿಕೊಂಡು ಹೋಗುವ ವಿಷಚಕ್ರ.

ತಡೆಯುವ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಚಿಪ್ಪಿನೊಳಗೇ ಹಲವು ಕಡೆ ಬಿಸಿ ಅಳೆಯುವ ಸೆನ್ಸರ್‌ಗಳಿವೆ. ಅಲ್ಲಿ 80, 90 ಡಿಗ್ರಿ ಮುಟ್ಟುವುದು ದೊಡ್ಡ ಸಂಗತಿಯೇನಲ್ಲ, ಅದಕ್ಕೂ ಮೇಲೆ ಹೋಗತೊಡಗಿದರೆ ಕಣ್ಣು ಮಿಟುಕಿಸುವುದರೊಳಗೆ ವೇಗ ಇಳಿಯುತ್ತದೆ. ಇನ್ನೊಂದು ಹಂತ ನಿಧಾನದ್ದು. ಬೋರ್ಡಿನ ಮೇಲೆ, ಬ್ಯಾಟರಿಯ ಪಕ್ಕ ಇರುವ ಚಿಕ್ಕ ಥರ್ಮಿಸ್ಟರ್‌ಗಳನ್ನು ನೋಡಿ ಹೊರಮೈ ಎಷ್ಟು ಕಾದಿದೆ ಎಂದು ಫೋನು ಅಂದಾಜು ಮಾಡುತ್ತದೆ. ಗೇಮ್ ಆಡುವಾಗ ಹತ್ತು ನಿಮಿಷಕ್ಕೆ ನಮ್ಮನ್ನು ಕಾಡುವುದು ಬಹಳ ಸಲ ಈ ಎರಡನೆಯದು.

ಆಂಡ್ರಾಯ್ಡ್ ಫೋನುಗಳ ಬುಡದಲ್ಲಿರುವ ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಇದೆ. ಅದರ ಸರಳ ರೂಪದ ಹೆಸರು step_wise. ಬಿಸಿ ಮಿತಿ ದಾಟಿ ಏರುತ್ತಿದ್ದರೆ ವೇಗವನ್ನು ಒಂದು ಮೆಟ್ಟಿಲು ಇಳಿಸು, ತಣ್ಣಗಾದರೆ ಒಂದು ಮೆಟ್ಟಿಲು ಏರಿಸು, ಅಷ್ಟೇ. 2015ರಲ್ಲಿ ಲಿನಕ್ಸ್ 4.2ಕ್ಕೆ power_allocator ಅನ್ನುವ ಇನ್ನೊಂದು ಬಂತು. ಅದು ಸ್ವಲ್ಪ ಜಾಣ. ಈಗಿನ ಬಿಸಿಗೂ ಮಿತಿಗೂ ಎಷ್ಟು ಅಂತರ ಇದೆ ನೋಡಿ, ಇನ್ನು ಎಷ್ಟು ವಿದ್ಯುತ್ ಖರ್ಚು ಮಾಡಬಹುದು ಎಂದು ಬಜೆಟ್ ಹಾಕಿ, ಅದನ್ನು ಸಿಪಿಯು ಜಿಪಿಯು ನಡುವೆ ಬೇಡಿಕೆ ನೋಡಿ ಹಂಚುತ್ತದೆ. ಇದರ ಜೊತೆಗೆ ಫೋನು ಮಾಡಿದ ಕಂಪನಿ ತನ್ನದೇ ನಿಯಮಗಳನ್ನೂ ಸೇರಿಸಿರುತ್ತದೆ: ಸ್ಕ್ರೀನಿನ ಬೆಳಕು ಇಳಿಸುವುದು, 120 ಹರ್ಟ್ಸ್‌ನಿಂದ 60ಕ್ಕೆ ತರುವುದು, ಚಾರ್ಜಿಂಗ್ ನಿಧಾನ ಮಾಡುವುದು, ಫ್ಲಾಶ್ ಬಂದ್ ಮಾಡುವುದು. ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಫೋನಿಂದ ಫೋನಿಗೆ ಬೇರೆ.

ಗೇಮಿನಲ್ಲಿ ಇದು ಬರೀ "ನಿಧಾನ" ಆಗದೆ "ಜರ್ಕ್" ಆಗಿ ಕಾಣುವುದಕ್ಕೆ ಕಾರಣ ಇದೆ. 60 ಹರ್ಟ್ಸ್ ಸ್ಕ್ರೀನ್ ಪ್ರತಿ 16.7 ಮಿಲಿಸೆಕೆಂಡಿಗೆ ಹೊಸ ಚಿತ್ರ ಕೇಳುತ್ತದೆ. ಜಿಪಿಯು ವೇಗ ಇಳಿದು ಒಂದು ಚಿತ್ರ ಬಿಡಿಸಲು 18 ಮಿಲಿಸೆಕೆಂಡು ಹಿಡಿಯಿತು ಅನ್ನಿ. ತಪ್ಪಿದ್ದು ಒಂದು ಚಿಲ್ಲರೆ ಮಿಲಿಸೆಕೆಂಡು, ಆದರೆ ಆ ಚಿತ್ರ ಮುಂದಿನ ಸರದಿಗೆ ಕಾಯಬೇಕು, ಅಂದರೆ 33 ಮಿಲಿಸೆಕೆಂಡಿಗೆ ಕಾಣುತ್ತದೆ. ಒಂದು ಚಿತ್ರ ಹೊತ್ತಿಗೆ ಸರಿಯಾಗಿ, ಇನ್ನೊಂದು ದುಪ್ಪಟ್ಟು ತಡವಾಗಿ. ಈ ಏರುಪೇರು ಕಣ್ಣಿಗೆ ಚುಚ್ಚುತ್ತದೆ. ಅದಕ್ಕೇ ಬಿಸಿ ಏರುವ ಮೊದಲೇ ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟನ್ನೋ ಗ್ರಾಫಿಕ್ಸನ್ನೋ ಒಂದು ಹಂತ ಇಳಿಸಿ ಆಡಿದರೆ ಅರ್ಧ ಗಂಟೆಯ ಆಟ ಒಟ್ಟಾರೆ ಚೆನ್ನಾಗಿರುತ್ತದೆ. ಎಲ್ಲವನ್ನೂ ಮ್ಯಾಕ್ಸ್‌ಗೆ ಇಟ್ಟವರಿಗೆ ಹತ್ತು ನಿಮಿಷದ ಸುಖ, ಆಮೇಲೆ ಜರ್ಕ್.

ನ್ಯಾವಿಗೇಷನ್‌ನಲ್ಲಿ ನಿಜವಾದ ಹೊರೆ ಯಾವುದು

ಜಿಪಿಎಸ್ ಆನ್ ಮಾಡಿದರೆ ಫೋನ್ ಬಿಸಿಯಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಉಪಗ್ರಹದ ಸಿಗ್ನಲ್ ಹಿಡಿಯುವ ಆ ಭಾಗ ತಿನ್ನುವುದು ಒಂದು ವ್ಯಾಟಿನ ಸಣ್ಣ ಭಾಗ ಅಷ್ಟೇ. ಹೊರೆ ಬೇರೆ ಕಡೆ ಇದೆ. ಬಿಸಿಲಲ್ಲಿ ಕಾಣಬೇಕೆಂದು ಸ್ಕ್ರೀನ್ ಪೂರ್ತಿ ಬೆಳಕಿನಲ್ಲಿ ಗಂಟೆಗಟ್ಟಲೆ ಆನ್ ಇರುತ್ತದೆ, ಅದೇ ಒಂದೆರಡು ವ್ಯಾಟ್. ಊರು ದಾಟಿದ ಮೇಲೆ ಟವರ್ ದೂರವಾಗಿ ಫೋನಿನ ರೇಡಿಯೋ ಜೋರಾಗಿ ಕೂಗಬೇಕಾಗುತ್ತದೆ. ಬ್ಯಾಟರಿ ಖಾಲಿಯಾಗುತ್ತದೆ ಅಂತ ಚಾರ್ಜರ್ ಬೇರೆ ಹಾಕಿರುತ್ತೇವೆ. ಇವೆಲ್ಲ ಸೇರಿದರೂ ದೊಡ್ಡ ಗೇಮಿಗಿಂತ ಕಡಿಮೆಯೇ. ಹಾಗಿದ್ದೂ ಫೋನು ಗೇಮಿಗಿಂತ ಜಾಸ್ತಿ ಕಾಯುತ್ತದಲ್ಲ, ಅದಕ್ಕೆ ಕಾರಣ ಸೂರ್ಯ.

ನಡು ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಸುರಿಯುತ್ತದೆ. ಫೋನಿನ ಮುಖ 0.012 ಚದರ ಮೀಟರ್, ಅಂದರೆ ನೇರ ಬಿಸಿಲಿಗೆ 12 ವ್ಯಾಟ್. ಕಾರಿನ ಗಾಜು, ಫೋನಿನ ಓರೆ ಎಲ್ಲ ಕಳೆದು ಅರ್ಧ ಮಾತ್ರ ಬಿತ್ತು ಅನ್ನಿ, ಆದರೂ 6 ವ್ಯಾಟ್. ಕಪ್ಪು ಸ್ಕ್ರೀನ್ ಅದರಲ್ಲಿ ಬಹುಪಾಲನ್ನು ಹೀರಿಕೊಳ್ಳುತ್ತದೆ. ಈಗ ಹಿಂದಿನ ಲೆಕ್ಕ ನೆನಪಿಸಿಕೊಳ್ಳಿ: ಗಾಳಿ ಆಡದ 25 ಡಿಗ್ರಿಯಲ್ಲೂ ಫೋನು ಹೊರಹಾಕಬಲ್ಲದ್ದು 4.3 ವ್ಯಾಟ್. ಏನೂ ಕೆಲಸ ಮಾಡದೆ ಸುಮ್ನೆ ಡ್ಯಾಶ್‌ಬೋರ್ಡ್ ಮೇಲೆ ಬಿದ್ದಿದ್ದರೂ ಫೋನು ಮಿತಿ ದಾಟುತ್ತದೆ. ಪ್ರೊಸೆಸರ್‌ಗೆ ಕೆಲಸ ಮಾಡಲು ಉಳಿದ ಬಜೆಟ್ ಸೊನ್ನೆ! ಇನ್ನು ಥ್ರಾಟ್ಲಿಂಗ್ ಎಷ್ಟು ಇಳಿಸಿದರೂ ಬಿಸಿ ಇಳಿಯುವುದಿಲ್ಲ, ಯಾಕೆಂದರೆ ಬಿಸಿ ಬರುತ್ತಿರುವುದು ಒಳಗಿಂದ ಅಲ್ಲ. ಸ್ಕ್ರೀನ್ ಮಂಕಾಗುವುದು, ಬಾಣ ತಡವಾಗುವುದು, ಕೊನೆಗೆ ಫೋನು ಕೈಚೆಲ್ಲುವುದು ಈ ಕಾರಣಕ್ಕೆ. ಐಫೋನ್ ಇಂಥ ಹೊತ್ತಿನಲ್ಲಿ ಡಿಸ್‌ಪ್ಲೇ ಆರಿಸಿ, ದನಿಯಲ್ಲಿ ಮಾತ್ರ ದಾರಿ ಹೇಳಿ, ತಿರುವು ಹತ್ತಿರ ಬಂದಾಗ ಸ್ಕ್ರೀನ್ ಬೆಳಗಿಸುತ್ತದೆ. ನನಗೆ ಇದು ಒಳ್ಳೆಯ ವಿನ್ಯಾಸ ಅನ್ನಿಸುತ್ತದೆ. ಓಡಿಸುವವರಿಗೆ ಮುಖ್ಯವಾದದ್ದನ್ನು ಉಳಿಸಿಕೊಂಡು ಬೇರೆಯದನ್ನು ಬಿಟ್ಟಿದೆ.

ಕಾರಿನಲ್ಲಿ ಪರಿಹಾರ ಸುಲಭ: ಹೋಲ್ಡರನ್ನು ಗಾಜಿನ ಬಳಿಯಿಂದ ತೆಗೆದು ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವುದು. ಗಾಳಿ ಬೀಸಿದರೆ ನಲ್ಲಿ ಎರಡು ಮೂರು ಪಟ್ಟು ದೊಡ್ಡದಾಗುತ್ತದೆ, ಅದೂ 20 ಡಿಗ್ರಿಯ ತಣ್ಣನೆ ಗಾಳಿ. ಲೆಕ್ಕ ಹಾಕಿದರೆ 10 ವ್ಯಾಟಿಗಿಂತ ಜಾಸ್ತಿ ಹೊರಗೆ ಹೋಗುತ್ತದೆ, ಬಿಸಿಲು ನೇರ ಬೀಳುವುದೂ ತಪ್ಪುತ್ತದೆ.

ಬೈಕಿನವರ ಕಷ್ಟ ಬೇರೆ. ಬೆಂಗಳೂರಿನ 30 ಡಿಗ್ರಿಯಲ್ಲಿ ಓಡುತ್ತಿರುವಾಗ ಗಾಳಿಯೇ ಫೋನನ್ನು ಕಾಪಾಡುತ್ತದೆ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಫೋನು ಬಿಸಿಯಾಗುತ್ತದೆ. ಕಲಬುರಗಿಯ 40 ಡಿಗ್ರಿಯಲ್ಲಿ ಎಷ್ಟೇ ಜೋರಾಗಿ ಓಡಿದರೂ ಫೋನಿಗೂ ಗಾಳಿಗೂ ಇರುವ ವ್ಯತ್ಯಾಸ ಮೂರೇ ಡಿಗ್ರಿ. ಗಾಳಿಯ ಲಾಭ ಮೂರು ಪಟ್ಟು ಅಂದರೂ ಹೊರಗೆ ಹೋಗುವುದು ಎರಡು ವ್ಯಾಟ್ ಚಿಲ್ಲರೆ, ಮೇಲಿಂದ ಬೀಳುವ ಬಿಸಿಲು ಅದರ ಎಷ್ಟೋ ಪಟ್ಟು. ಮಳೆಗೆಂದು ಪ್ಲಾಸ್ಟಿಕ್ ಚೀಲದಂಥ ಹೋಲ್ಡರ್ ಹಾಕಿದ್ದರೆ ಆ ಗಾಳಿಯೂ ಇಲ್ಲ. ಇಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ನೆರಳು: ಹೋಲ್ಡರ್ ಮೇಲೆ ಚಿಕ್ಕ ಟೋಪಿಯಂಥ ಮರೆ, ಇಲ್ಲವೇ ಫೋನು ಜೇಬಿನಲ್ಲಿಟ್ಟು ಒಂದೇ ಕಿವಿಗೆ ಇಯರ್‌ಫೋನಿನಲ್ಲಿ ದಾರಿ ಕೇಳುವುದು, ಅದೂ ಸುತ್ತಲಿನ ಹಾರ್ನ್ ಕೇಳುವಷ್ಟು ಸಣ್ಣ ದನಿಯಲ್ಲಿ. ಸವಾರಿ ಮಾಡುವಾಗ ಚಾರ್ಜ್ ಮಾಡದೆ ನೆರಳಿನಲ್ಲಿ ನಿಂತಾಗ ಮಾಡಿದರೆ ಒಂದು ಹೊರೆ ತಪ್ಪುತ್ತದೆ.

ಆ್ಯಪಲ್ ತನ್ನ ಫೋನನ್ನು 0ರಿಂದ 35 ಡಿಗ್ರಿ ವಾತಾವರಣದಲ್ಲಿ ಬಳಸಿ ಅನ್ನುತ್ತದೆ. ಉತ್ತರ ಕರ್ನಾಟಕದಲ್ಲಿ ಬೇಸಿಗೆಯ ಮಧ್ಯಾಹ್ನ 35ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಇಲ್ಲಿ ಮಾರುವ ಫೋನಿನ ಡಬ್ಬಿಯ ಮೇಲೆ ಗರಿಷ್ಠ ಗಿಗಾಹರ್ಟ್ಸ್ ಬರೆದಿರುತ್ತಾರೆ, 40 ಡಿಗ್ರಿಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ಎಷ್ಟು ಉಳಿಯುತ್ತದೆ ಅನ್ನುವುದನ್ನು ಬರೆಯುವುದಿಲ್ಲ. ಬರೆಯಬೇಕು ಅಂತ ನಾನು ಬಲವಾಗಿ ನಂಬುತ್ತೇನೆ, ದಿನವಿಡೀ ರಸ್ತೆಯಲ್ಲಿ ಫೋನು ನಂಬಿ ದುಡಿಯುವವರಿಗೆ ಬೇಕಾದ ಸಂಖ್ಯೆ ಅದೊಂದೇ. ಫೋನಿನ ವೇಗ ಅಳೆಯುವ ಬೆಂಚ್‌ಮಾರ್ಕ್ ಆ್ಯಪ್‌ಗಳು ಕೊಡುವ ಅಂಕಗಳನ್ನೂ ಪೂರ್ತಿ ನಂಬುವಂತಿಲ್ಲ. 2022ರಲ್ಲಿ ಸ್ಯಾಮ್‌ಸಂಗ್ ಫೋನುಗಳ ಗೇಮ್ ಆಪ್ಟಿಮೈಸಿಂಗ್ ಸರ್ವೀಸ್ ಗೇಮು ಮತ್ತು ಆ್ಯಪ್‌ಗಳ ವೇಗ ಇಳಿಸಿ, ಬೆಂಚ್‌ಮಾರ್ಕ್ ಆ್ಯಪ್‌ಗಳನ್ನು ಮಾತ್ರ ಹಾಗೇ ಬಿಟ್ಟಿದೆ ಎಂದು ಗೊತ್ತಾದಾಗ ಅಂಥದೇ ಒಂದು ಬೆಂಚ್‌ಮಾರ್ಕ್ ಆದ ಗೀಕ್‌ಬೆಂಚ್ ಗ್ಯಾಲಕ್ಸಿ ಎಸ್22 ಸರಣಿಯನ್ನು ತನ್ನ ಪಟ್ಟಿಯಿಂದಲೇ ತೆಗೆದುಹಾಕಿತ್ತು. ರಿವ್ಯೂ ನೋಡುವಾಗ ಒಂದೇ ಸಲದ ಅಂಕ ಬಿಟ್ಟು, ಅದೇ ಪರೀಕ್ಷೆಯನ್ನು ಇಪ್ಪತ್ತು ಸಲ ಓಡಿಸಿದಾಗ ಕೊನೆಗೆ ಎಷ್ಟು ಉಳಿಯಿತು ಅನ್ನುವ ಗ್ರಾಫ್ ಹುಡುಕಿ.

ಇದು ಬಿಸಿಯಿಂದಲೇ ಅಂತ ಗೊತ್ತಾಗುವುದು ಹೇಗೆ

ಫೋನು ನಿಧಾನವಾದರೆಲ್ಲ ಥ್ರಾಟ್ಲಿಂಗ್ ಅಲ್ಲ. ನೆಟ್‌ವರ್ಕ್ ತಡವಾದರೆ ಗೇಮಿನಲ್ಲಿ ಎದುರಾಳಿ ಅಲ್ಲಿಂದಿಲ್ಲಿಗೆ ಹಾರುತ್ತಾನೆ, ಆದರೆ ನಿಮ್ಮ ಸ್ಕ್ರೀನ್ ತಿರುಗಿಸಿದರೆ ನುಣುಪಾಗಿಯೇ ತಿರುಗುತ್ತದೆ. ಬಿಸಿಯ ತೊಂದರೆಯಲ್ಲಿ ಮೆನು ಕೂಡ ತಡವರಿಸುತ್ತದೆ. ಸ್ಟೋರೇಜ್ ತುಂಬಿದ ಫೋನು ಬೆಳಿಗ್ಗೆ ತಣ್ಣಗಿದ್ದಾಗಲೂ ನಿಧಾನ, ಬಿಸಿಯದ್ದಾದರೆ ಹದಿನೈದು ನಿಮಿಷ ಫ್ಯಾನ್ ಕೆಳಗೆ ಇಟ್ಟರೆ ಸರಿಹೋಗುತ್ತದೆ. ಬ್ಯಾಟರಿ ಹಳೆಯದಾಗಿ ಬೇಕಾದಷ್ಟು ಕರೆಂಟ್ ಕೊಡಲಾಗದೆ ವೇಗ ಇಳಿಯುವುದು ಇನ್ನೊಂದು ಬಗೆ. 2017ರ ಡಿಸೆಂಬರ್‌ನಲ್ಲಿ ಹಳೆಯ ಐಫೋನ್‌ಗಳ ಬಗ್ಗೆ ಆ್ಯಪಲ್ ಒಪ್ಪಿಕೊಂಡದ್ದು ಇದನ್ನು, ಅದಕ್ಕೂ ಬಿಸಿಗೂ ಸಂಬಂಧ ಇರಲಿಲ್ಲ.

ಕಂಪ್ಯೂಟರಿಗೆ ಜೋಡಿಸಿ ಅಳೆಯುವ ಅಭ್ಯಾಸ ಇದ್ದರೆ ಆಂಡ್ರಾಯ್ಡ್‌ನಲ್ಲಿ ಖಚಿತವಾಗಿಯೇ ನೋಡಬಹುದು:

```
adb shell dumpsys battery
adb shell dumpsys thermalservice
```

ಮೊದಲನೆಯದರಲ್ಲಿ temperature: 412 ಅಂತ ಬಂದರೆ ಬ್ಯಾಟರಿ 41.2 ಡಿಗ್ರಿ ಇದೆ ಎಂದರ್ಥ. ಎರಡನೆಯದು ಆಂಡ್ರಾಯ್ಡ್ 10ರಿಂದ ಈಚೆಗೆ ಇದೆ. ಅದರಲ್ಲಿ Thermal Status ಸಾಲಿನ ಅಂಕಿ ನೋಡಿ. 0 ಆದರೆ ಏನೂ ತೊಂದರೆ ಇಲ್ಲ, 1 ಮತ್ತು 2 ಸಣ್ಣ ಮಟ್ಟದ ಇಳಿಕೆ, 3ಕ್ಕೆ ಬಂದರೆ ನಿಮಗೇ ಗೊತ್ತಾಗುವಷ್ಟು ವೇಗ ಇಳಿದಿರುತ್ತದೆ, 6 ಅಂದರೆ ಫೋನು ಆಫ್ ಆಗುವ ಹಂತ. ಗೇಮ್ ಶುರು ಮಾಡುವ ಮೊದಲು ಒಮ್ಮೆ, ಎಳೆಯಲು ಶುರುವಾದಾಗ ಒಮ್ಮೆ ನೋಡಿದರೆ ಸಂಶಯ ಉಳಿಯುವುದಿಲ್ಲ. ಅಂಕಿ 0 ಇದ್ದೂ ಎಳೆಯುತ್ತಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ತಣ್ಣಗೆ ಮಾಡಲು ದಯವಿಟ್ಟು ಫ್ರಿಜ್‌ನಲ್ಲಿ ಇಡಬೇಡಿ. ತಣ್ಣಗಾದ ಫೋನನ್ನು ಹೊರಗೆ ತೆಗೆದ ಕೂಡಲೇ ಗಾಳಿಯ ತೇವ ಅದರ ಮೇಲೂ ಒಳಗೂ ನೀರಾಗಿ ಕೂರುತ್ತದೆ. ಕವರ್ ತೆಗೆದು, ಚಾರ್ಜರ್ ಕಿತ್ತು, ಫ್ಯಾನ್ ಗಾಳಿಗೆ ಇಡಿ, ಸಾಕು.

ನೆರಳಿನಲ್ಲಿ, ಸ್ಕ್ರೀನ್ ಆಫ್ ಆಗಿ, ಜೇಬಿನಲ್ಲಿ ಸುಮ್ನೆ ಇದ್ದಾಗಲೂ ಫೋನು ಕಾಯುತ್ತಿದ್ದರೆ ಈ ಲೇಖನದ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಯಾವ ಆ್ಯಪ್ ಜಾಸ್ತಿ ತಿನ್ನುತ್ತಿದೆ ನೋಡಿ. 2023ರಲ್ಲಿ ಐಫೋನ್ 15 ಪ್ರೋ ವಿಪರೀತ ಬಿಸಿಯಾಗುತ್ತಿದೆ ಎಂದು ದೂರು ಬಂದಾಗ ಆ್ಯಪಲ್ ಐಒಎಸ್ 17ರ ಒಂದು ದೋಷವನ್ನೂ ಕೆಲವು ಆ್ಯಪ್‌ಗಳನ್ನೂ ಕಾರಣವಾಗಿ ಹೇಳಿ 17.0.3 ಅಪ್‌ಡೇಟ್‌ನಲ್ಲಿ ಸರಿಪಡಿಸಿತ್ತು, ಹಾಗಾಗಿ ಅಪ್‌ಡೇಟ್ ಬಾಕಿ ಇದ್ದರೆ ಮೊದಲು ಅದನ್ನು ಹಾಕಿ. ಆಮೇಲೂ ಕಾಯುತ್ತಿದ್ದರೆ ಫೋನನ್ನು ಸಮತಟ್ಟಾದ ಮೇಜಿನ ಮೇಲೆ ಇಟ್ಟು ನೋಡಿ. ಹಿಂಬದಿ ಉಬ್ಬಿದೆ ಅಥವಾ ಸ್ಕ್ರೀನಿನ ಅಂಚು ಎದ್ದಿದೆ ಅಂದರೆ ಬ್ಯಾಟರಿ ಊದಿಕೊಂಡಿದೆ. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ, ಅವತ್ತೇ ಸರ್ವಿಸ್ ಸೆಂಟರಿಗೆ ಕೊಟ್ಟು ಬ್ಯಾಟರಿ ಬದಲಿಸಿ.